ಬಟವಾಡೆ ದಿನ ನೋಡಿ ಕಂತು ಗೊತ್ತು ಮಾಡಿ: ಹಳ್ಳಿಗೆ ಹಾಲು ಕರೆಯುವ ಯಂತ್ರ ಮಾರಿ ಕಲಿತದ್ದು

(ಕೋಲಾರದಲ್ಲಿ, ಹೊಸದಾಗಿ ವ್ಯಾಪಾರಕ್ಕೆ ಇಳಿದಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಅವತ್ತು ಬಂದವರಲ್ಲಿ ಕೆಲವರು ಲೆಕ್ಕವನ್ನು ಬರೆದುಕೊಡಿ ಎಂದು ಕೇಳಿದರು. ಲೆಕ್ಕವನ್ನಷ್ಟೇ ಬರೆದರೆ ಅರ್ಥವಾಗುವುದಿಲ್ಲ ಅನಿಸಿ ಪೂರ್ತಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿಯಲ್ಲಿ ಅಂಗಡಿ ಇಟ್ಟಿದ್ದೇನೆ. ಮೇವು ಕತ್ತರಿಸುವ ಯಂತ್ರ, ಹಸುವಿನ ಮ್ಯಾಟ್, ಹಾಲಿನ ಕ್ಯಾನು, ಇವೆಲ್ಲ ಇವೆ. ಆದರೆ ಇವತ್ತು ಒಂದೇ ವಸ್ತುವಿನ ಬಗ್ಗೆ ಮಾತಾಡುತ್ತೇನೆ. ಹಾಲು ಕರೆಯುವ ಯಂತ್ರ. ಒಂದು ಬಕೆಟ್ಟಿನದು, ಎರಡು ಮೂರು ಸೀಮೆ ಹಸು ಇರುವ ಮನೆಗೆ ಆಗುವಂಥದ್ದು.

ಇದನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಹಳ್ಳಿಯಲ್ಲಿ ಮಾರೋದು ಅಂದರೆ ಏನು ಅಂತ ನನಗೆ ಕಲಿಸಿದ್ದು ಇದೇ. ಸೋಪು, ಬಿಸ್ಕತ್ತು ಮಾರಿದರೆ ಇದು ಗೊತ್ತಾಗಲ್ಲ. ಸೋಪು ಚೆನ್ನಾಗಿಲ್ಲದಿದ್ದರೆ ಇಪ್ಪತ್ತು ಮೂವತ್ತು ರೂಪಾಯಿ ಹೋಯಿತು, ಇನ್ನೊಂದು ತರುತ್ತಾರೆ. ಹಾಲು ಕರೆಯುವ ಯಂತ್ರಕ್ಕೆ ನಲವತ್ತು ಸಾವಿರದ ಆಸುಪಾಸು ಬೇಕು. ಅದು ಹೋಗಿ ತಾಕುವುದು ಮನೆಯ ದಿನದ ಅನ್ನಕ್ಕೆ ದಾರಿಯಾಗಿರುವ ಹಸುವಿನ ಕೆಚ್ಚಲಿಗೆ. ಹೆಚ್ಚು ಕಡಿಮೆ ಆದರೆ ಹಸುವೇ ಹಾಳು. ಹಾಗಾಗಿ ಕೊಳ್ಳುವವರು ಬೋರ್ಡು ನೋಡಿ ಕೊಳ್ಳುವುದಿಲ್ಲ, ಕರಪತ್ರ ಓದಿ ಕೊಳ್ಳುವುದಿಲ್ಲ. ಪಕ್ಕದ ಮನೆಯವರು ಕೊಂಡು ಆರು ತಿಂಗಳು ಆದಮೇಲೆ, ಅವರ ಹಸು ಈಗಲೂ ಅಷ್ಟೇ ಹಾಲು ಕೊಡುತ್ತಿದೆಯಾ ಅಂತ ನೋಡಿ ಕೊಳ್ಳುತ್ತಾರೆ.

ಹಾಗೆ ನೋಡುವ ಜಾಗ ಯಾವುದು ಗೊತ್ತಾ? ಹಾಲಿನ ಡೈರಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹಾಲು ಹಾಕುವ ಮನೆಗಳಿಂದ ಒಬ್ಬೊಬ್ಬರಾದರೂ ಅಲ್ಲಿಗೆ ಬರುತ್ತಾರೆ. ಕ್ಯಾನು ಹಿಡಿದು ಸಾಲಲ್ಲಿ ನಿಲ್ಲುತ್ತಾರೆ. ಯಾರ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ ಅಂದರೆ ಎಸ್‌ಎನ್‌ಎಫ್ ಎಷ್ಟು ಅಂತ ಚೀಟಿ ಬರುತ್ತದೆ, ಹಿಂದೆ ನಿಂತವರಿಗೂ ಕಾಣುತ್ತದೆ. ಯಾರ ಮನೆಯಲ್ಲಿ ಹಾಲು ಕಡಿಮೆ ಆಯಿತು ಅನ್ನೋದು ಎರಡನೇ ದಿನಕ್ಕೆ ಊರಿಗೆ ಗೊತ್ತು. ನೀವು ಮಾರಿದ ಯಂತ್ರ ಹೇಗಿದೆ ಅನ್ನೋ ತೀರ್ಪು ಅಲ್ಲಿ ಆಗುತ್ತೆ. ನೀವು ಆ ಸಾಲಲ್ಲಿ ಇರುವುದಿಲ್ಲ, ಉತ್ತರ ಹೇಳಲೂ ಆಗುವುದಿಲ್ಲ.

ನನಗೆ ಪೆಟ್ಟು ಬಿದ್ದದ್ದೂ ಅಲ್ಲೇ. ವ್ಯಾಪಾರ ಶುರು ಮಾಡಿದ ಎರಡನೇ ವರ್ಷ. ಒಂದೇ ಊರಲ್ಲಿ ಮೂರು ಯಂತ್ರ ಕೊಟ್ಟಿದ್ದೆ, ಖುಷಿಯಾಗಿದ್ದೆ. ಹತ್ತು ದಿನಕ್ಕೆ ಒಂದು ಮನೆಯಿಂದ ಫೋನು. ಹಾಲಲ್ಲಿ ಗಂಟು ಗಂಟು ಬರುತ್ತಿದೆ, ಒಂದು ತೊಟ್ಟು ಊದಿಕೊಂಡಿದೆ ಅಂತ. ಕೆಚ್ಚಲು ಬಾವು. ಅವತ್ತು ನಾನು ಬೇರೆ ಕೆಲಸದಲ್ಲಿದ್ದೆ, ನಾಳೆ ಬರ್ತೀನಿ ಅಂದೆ, ನಾಳೆ ಅನ್ನೋದು ನಾಡಿದ್ದಾಯಿತು. ಆ ಎರಡು ದಿನದಲ್ಲಿ ನಾಲ್ಕು ಹೊತ್ತು ಡೈರಿ ಸಾಲು ನಿಂತಿತ್ತು. ಮೆಷಿನ್ ಹಾಕಿದರೆ ಕೆಚ್ಚಲು ಬಾವು ಬರ್ತದೆ ಅನ್ನೋ ಮಾತು ಆ ಊರು ದಾಟಿ ಸುತ್ತಲ ಐದು ಊರಿಗೆ ಹೋಯಿತು. ಉಳಿದ ಎರಡು ಮನೆಯವರ ಹಸುಗಳಿಗೆ ಏನೂ ಆಗಿರಲಿಲ್ಲ, ಆದರೂ ಅವರು ಯಂತ್ರ ನಿಲ್ಲಿಸಿ ಕೈಯಲ್ಲೇ ಕರೆಯೋಕೆ ಶುರು ಮಾಡಿದರು. ಎಂಟು ತಿಂಗಳು ಆ ಕಡೆ ಒಂದೂ ಮಾರಲು ಆಗಲಿಲ್ಲ.

ನಿಜವಾಗಿ ಆಗಿದ್ದೇನು? ಪಶುವೈದ್ಯರ ಜೊತೆ ಕೂತು ನೋಡಿದಾಗ ಮೂರು ಕಾರಣ ಸಿಕ್ಕಿತು. ಒಂದು, ಆ ಹಸುವಿಗೆ ಒಳಗೊಳಗೇ ಕೆಚ್ಚಲು ಬಾವು ಮೊದಲೇ ಇತ್ತು. ಹೊರಗೆ ಊತ ಇರುವುದಿಲ್ಲ, ಹಾಲು ನೋಡಲು ಸರಿಯಾಗೇ ಇರುತ್ತದೆ, ಆದರೆ ಸೋಂಕು ಇರುತ್ತದೆ. ಎರಡು, ಬೇಗ ಮುಗಿಯಲಿ ಅಂತ ಮನೆಯ ಹುಡುಗ ಗಾಳಿಯ ಎಳೆತವನ್ನು ಜಾಸ್ತಿ ಮಾಡಿದ್ದ. ಈ ಯಂತ್ರಕ್ಕೆ ಮೀಟರಿನಲ್ಲಿ 45ರಿಂದ 50 ಕಿಲೋ ಪಾಸ್ಕಲ್ ಒಳಗೇ ಇರಬೇಕು. ಅದಕ್ಕಿಂತ ಮೇಲೆ ಹೋದರೆ ತೊಟ್ಟಿನ ತುದಿ ಗಟ್ಟಿಯಾಗಿ, ಒರಟಾಗಿ, ಬಾಯಿ ಸರಿಯಾಗಿ ಮುಚ್ಚುವುದಿಲ್ಲ, ಅಲ್ಲಿಂದ ಸೋಂಕು ಒಳಗೆ ಹೋಗುತ್ತದೆ. ಮೂರು, ಹಾಲು ನಿಂತ ಮೇಲೂ ತೊಟ್ಟಿಗೆ ಹಾಕುವ ಕಪ್ಪನ್ನು ತೆಗೆಯದೆ ಬಿಟ್ಟಿದ್ದರು. ಖಾಲಿ ಕೆಚ್ಚಲನ್ನು ಯಂತ್ರ ಎಳೆಯುತ್ತಾ ಇತ್ತು.

ಯಂತ್ರದ ತಪ್ಪಲ್ಲ ಅಂತ ನಾನು ಹೇಳಬಹುದಿತ್ತು. ಹೇಳಿ ಏನು ಬರುತ್ತೆ? ಹಸುವಿನ ಸ್ಥಿತಿ ನೋಡದೆ ಮಾರಿದವನು ನಾನು. ಎಳೆತ ಎಷ್ಟಿರಬೇಕು ಅಂತ ಬಾಯಲ್ಲಿ ಹೇಳಿ ಬಂದವನು ನಾನು. ಕರೆದ ದಿನ ಹೋಗದವನೂ ನಾನೇ.

ಅವತ್ತಿನಿಂದ ಮಾರುವ ಕ್ರಮವನ್ನೇ ಬದಲಾಯಿಸಿದೆ. ಯಾರಾದರೂ ಯಂತ್ರ ಬೇಕು ಅಂದರೆ ಮೊದಲು ಹಸು ನೋಡಲು ಹೋಗುತ್ತೇನೆ. ನಾಲ್ಕು ಬಟ್ಟಲಿನ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ, ಸಿಎಂಟಿ ತಟ್ಟೆ ಅಂತಾರೆ. ಒಂದೊಂದು ತೊಟ್ಟಿನ ಹಾಲನ್ನು ಒಂದೊಂದು ಬಟ್ಟಲಿಗೆ ಸ್ವಲ್ಪ ಹಿಂಡಿ, ಅಷ್ಟೇ ಪ್ರಮಾಣದ ದ್ರಾವಣ ಹಾಕಿ, ತಟ್ಟೆಯನ್ನು ಮೆಲ್ಲಗೆ ಸುತ್ತಿಸಬೇಕು. ಹಾಲು ನೀರಾಗೇ ಇದ್ದರೆ ಸರಿ. ಲೋಳೆಯಂತೆ ಗಟ್ಟಿಯಾದರೆ ಆ ತೊಟ್ಟಿನಲ್ಲಿ ಒಳಬಾವು ಇದೆ ಅಂತ. ಹತ್ತು ಹದಿನೈದು ಸೆಕೆಂಡಿನ ಕೆಲಸ. ಮನೆಯವರು ಕಣ್ಣಾರೆ ನೋಡುತ್ತಾರೆ. ಲೋಳೆ ಬಂದರೆ ಡಾಕ್ಟರಿಗೆ ತೋರಿಸಿ, ವಾಸಿಯಾದ ಮೇಲೆ ಮಾತಾಡೋಣ ಅಂತ ಹೇಳಿ ಬರುತ್ತೇನೆ. ಅವತ್ತು ವ್ಯಾಪಾರ ಆಗುವುದಿಲ್ಲ. ಆದರೆ ಸಂಜೆ ಡೈರಿ ಸಾಲಲ್ಲಿ ಆ ತಟ್ಟೆಯ ವಿಷಯ ಮಾತಾಗುತ್ತದೆ, ಮಾರನೇ ದಿನ ನಮ್ಮ ಹಸುವಿಗೂ ಒಂದು ಸಲ ನೋಡಿ ಅಂತ ನಾಲ್ಕು ಮನೆಯಿಂದ ಫೋನು ಬರುತ್ತದೆ. ನಾನು ಪ್ರಚಾರಕ್ಕೆ ಅಂತ ಮಾಡಿದ ಯಾವ ಖರ್ಚೂ ಆ ದ್ರಾವಣದ ಬಾಟಲಿಯಷ್ಟು ಕೆಲಸ ಮಾಡಿಲ್ಲ.

ಒಂದೇ ಹಸು ಇರುವ ಮನೆಗೆ ಮಾರುವುದಿಲ್ಲ. ಯಂತ್ರವನ್ನು ಎರಡು ಹೊತ್ತೂ ತೊಳೆಯಬೇಕು. ಕರೆಯಲು ಉಳಿಸಿದ ಸಮಯ ತೊಳೆಯಲು ಹೋಗುತ್ತೆ. ಕೈ ನೋವಿದ್ದು ಕರೆಯಲು ಆಗದವರಿದ್ದರೆ ಮಾತ್ರ ಬೇರೆ ಮಾತು.

ಇನ್ನೊಂದು, ತೋರಿಸುವ ಕ್ರಮ. ಸಂತೆಯಲ್ಲಿ, ಜಾತ್ರೆಯಲ್ಲಿ ಯಂತ್ರ ಇಟ್ಟು ತೋರಿಸಿದರೆ ಜನ ಸೇರುತ್ತಾರೆ, ಕೊಳ್ಳುವುದಿಲ್ಲ. ಕೊಳ್ಳುವವರ ಕೊಟ್ಟಿಗೆಯಲ್ಲೇ ತೋರಿಸಬೇಕು. ಅದೂ ಮೊದಲ ದಿನವೇ ಕೆಚ್ಚಲಿಗೆ ಹಾಕಬಾರದು. ಮೂರು ನಾಲ್ಕು ದಿನ ಕೈಯಲ್ಲೇ ಕರೆಯುವಾಗ ಪಕ್ಕದಲ್ಲಿ ಮೋಟರನ್ನು ಸುಮ್ನೆ ಓಡಿಸಬೇಕು, ಹಸುವಿಗೆ ಆ ಸದ್ದು ಅಭ್ಯಾಸ ಆಗಲಿ ಅಂತ. ಹಸು ಹೆದರಿದರೆ ಸೊರ ಬಿಡುವುದಿಲ್ಲ, ಅಂದರೆ ಹಾಲನ್ನು ತೊಟ್ಟಿಗೆ ಇಳಿಸುವುದಿಲ್ಲ. ಕೆಚ್ಚಲು ತೊಳೆದು ಸವರಿದ ಮೇಲೆ ಸೊರ ಬಿಟ್ಟರೂ ಅದು ಐದರಿಂದ ಏಳು ನಿಮಿಷ ಮಾತ್ರ, ಅಷ್ಟರೊಳಗೆ ಹಾಲು ಬಂದರೆ ಬಂತು. ಹೊಸ ಸದ್ದು, ಹೊಸ ಮನುಷ್ಯ, ಸುತ್ತ ಹತ್ತು ಜನ ನಿಂತು ನೋಡುತ್ತಿದ್ದರೆ ಹಸು ಹಾಲನ್ನು ಮೇಲೆ ಎಳೆದುಕೊಳ್ಳುತ್ತೆ. ಆಗ ಯಂತ್ರದಲ್ಲಿ ಎರಡು ಲೀಟರ್ ಬಂದು ನಿಲ್ಲುತ್ತೆ. ನೋಡಿದವರು ಹೋಗಿ ಏನು ಹೇಳುತ್ತಾರೆ? ಮೆಷಿನ್ನಲ್ಲಿ ಹಾಲು ಪೂರ್ತಿ ಬರಲ್ಲ ಅಂತ. ಅದು ಅವರು ಕಣ್ಣಲ್ಲಿ ಕಂಡದ್ದು, ತಪ್ಪು ಅಂತ ಹೇಗೆ ಹೇಳ್ತೀರಿ?

ದಿನಾ ಕರೆಯುವವರು ಯಾರೋ ಅವರೇ ಕಪ್ಪು ಹಾಕಬೇಕು. ನಮ್ಮ ಕಡೆ ಬಹುಪಾಲು ಅದು ಮನೆಯ ಹೆಂಗಸರು. ಅಂಗಡಿಗೆ ಬಂದು ರೇಟು ಕೇಳುವವರು ಗಂಡಸರು. ಹೊಸದಾಗಿ ಮಾರುವವರು ಇಲ್ಲೇ ಎಡವುವುದು. ಗಂಡಸರ ಜೊತೆ ಎಲ್ಲಾ ಮಾತು ಮುಗಿಸಿ ಯಂತ್ರ ಇಳಿಸಿ ಬರುತ್ತಾರೆ. ಮನೆಯಲ್ಲಿ ಅಕ್ಕ ಅದನ್ನು ಮುಟ್ಟುವುದೂ ಇಲ್ಲ.

ಕೈವಾರದ ಕಡೆಯ ಒಂದು ಹಳ್ಳಿಯ ಮನೆಯ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ. ಗಂಡ, ಹೆಂಡತಿ, ಓದುವ ಇಬ್ಬರು ಮಕ್ಕಳು, ಅತ್ತೆ. ಒಂದೂವರೆ ಎಕರೆ ಹಿಪ್ಪುನೇರಳೆ ಮತ್ತು ರಾಗಿ. ಎರಡು ಸೀಮೆ ಹಸು. ಗಂಡ ಅಂಗಡಿಗೆ ಬಂದು, ತಿಂಗಳಿಗೆ ಮೂರು ಸಾವಿರದಂತೆ ಕಟ್ಟುತ್ತೇನೆ, ಯಂತ್ರ ಕಳಿಸಿ ಅಂದ. ಮನೆಗೆ ಬರ್ತೀನಿ ಅಂದೆ. ಹೋದಾಗ ಆ ಅಕ್ಕ ಕೇಳಿದ ಮೊದಲ ಮಾತು ಇದು:

“ಅಣ್ಣಾ, ಸಂಘದ ಕಂತೇ ಕಟ್ಟಕ್ಕಾಗ್ತಿಲ್ಲ. ಇದೊಂದು ಮೇಲೆ ಬಿದ್ರೆ ಯಾರ್ ಕಟ್ತಾರೆ?”

“ಹಾಲಿನ ದುಡ್ಡಲ್ಲೇ ಬರುತ್ತಲ್ಲಕ್ಕ” ಅಂದೆ.

“ಹಸ ಬತ್ತಿದಾಗ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಯವರೆಗೆ ನಾನೂ ಎಲ್ಲರ ಹಾಗೆ ತಿಂಗಳಿಗೆ ಇಷ್ಟು, ಹತ್ತು ತಿಂಗಳು ಅಂತ ಕಂತು ಬರೆಯುತ್ತಿದ್ದೆ. ಆ ಅಕ್ಕನ ಪ್ರಶ್ನೆಯಿಂದ ಹೊಸ ಲೆಕ್ಕ ಹುಟ್ಟಿತು.

ಅವರ ಜಗಲಿಯಲ್ಲೇ ಕೂತು ಬರೆದೆವು. ದಿನಕ್ಕೆ ಎರಡೂ ಹಸು ಸೇರಿ 26 ಲೀಟರ್. ಮೊದಲನೆಯದು ಕರು ಹಾಕಿ ಒಂದು ತಿಂಗಳು, 16 ಲೀಟರ್ ಕೊಡುತ್ತೆ. ಎರಡನೆಯದು ಆರು ತಿಂಗಳ ಗಬ್ಬ, 10 ಲೀಟರ್. ಡೈರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ. 15 ದಿನಕ್ಕೆ 390 ಲೀಟರ್. ಲೀಟರಿಗೆ 32 ರೂಪಾಯಿ ಇಟ್ಟುಕೊಂಡರೆ 12,480 ರೂಪಾಯಿ. ಅದರಲ್ಲಿ ನಾಲ್ಕು ಮೂಟೆ ಫೀಡ್ಸ್, ಮೂಟೆಗೆ 1,300ರಂತೆ 5,200 ಹೋಯಿತು. ಉಳಿದದ್ದು 7,280. ಸಂಘದ ಕಂತು ಹದಿನೈದು ದಿನಕ್ಕೆ 1,500. ಕೈಗೆ ಸಿಗುವುದು 5,780. ಇದರಲ್ಲಿ ಮನೆ ನಡೆಯಬೇಕು, ಹಸುವಿನ ಔಷಧಿ, ಮಕ್ಕಳ ಬಸ್ಸು, ಎಲ್ಲ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಅದು ಬೇರೆಯಾಗಿ ಖಾತೆಗೆ ಬರುತ್ತದೆ, ಬಟವಾಡೆ ದಿನವೇ ಬರುತ್ತೆ ಅಂತ ನಂಬಿ ಕಂತು ಕಟ್ಟಿಸಿದರೆ ಇಬ್ಬರಿಗೂ ತೊಂದರೆ. ಹಾಗೇ ಯಂತ್ರಕ್ಕೆ ಸಬ್ಸಿಡಿ ಬರುತ್ತೆ ಅಂತ ಆಸೆ ಹುಟ್ಟಿಸಿ ಮಾರುವುದನ್ನೂ ದಯವಿಟ್ಟು ಮಾಡಬೇಡಿ. ಬಂದರೆ ಅವರಿಗೆ ಲಾಭ. ಬರದಿದ್ದರೆ ನೀವು ಸುಳ್ಳುಗಾರರು.

ಹಾಗಾದರೆ ಎರಡೂ ಹಸು ಹಾಲು ಕೊಡುವಾಗ ಬಟವಾಡೆಗೆ 1,500 ಕಟ್ಟಬಹುದು. ಗಂಡ ಹೇಳಿದ ತಿಂಗಳಿಗೆ ಮೂರು ಸಾವಿರವೇ ಆಯಿತು. ಆದರೆ ಎಲ್ಲ ತಿಂಗಳೂ ಆಗುವುದಿಲ್ಲ.

ಹಸು ಒಂಬತ್ತು ತಿಂಗಳಿಗೆ ಕರು ಹಾಕುತ್ತೆ. ಏಳು ತಿಂಗಳಿಗೆ ಹಾಲು ಬತ್ತಿಸಬೇಕು, ಎರಡು ತಿಂಗಳು ಕೆಚ್ಚಲಿಗೆ ವಿಶ್ರಾಂತಿ ಬೇಕು. ಅಂದರೆ ಎರಡನೇ ಹಸು ಇನ್ನೊಂದು ತಿಂಗಳಿಗೆ ಬತ್ತುತ್ತೆ. ಆಮೇಲೆ ಎರಡು ತಿಂಗಳು ಒಂದೇ ಹಸುವಿನ ಹಾಲು. 240 ಲೀಟರಿಗೆ 7,680. ಬತ್ತಿದ ಹಸುವಿಗೂ ಮೇವು, ಫೀಡ್ಸ್ ಬೇಕಲ್ಲ, ಮೂರು ಮೂಟೆಗೆ 3,900. ಸಂಘಕ್ಕೆ 1,500. ಉಳಿಯುವುದು 2,280. ಅದರಲ್ಲಿ ನಾನು 1,500 ಕೇಳಿದರೆ ಮನೆಗೆ 780 ರೂಪಾಯಿ, ಹದಿನೈದು ದಿನಕ್ಕೆ. ಕೇಳಬಹುದು. ಅವರು ಕೊಡಲೂಬಹುದು, ಎಲ್ಲೋ ಕೈಸಾಲ ಮಾಡಿ, ಇಲ್ಲ ಫೀಡ್ಸ್ ಕಡಿಮೆ ಮಾಡಿ. ಫೀಡ್ಸ್ ಕಡಿಮೆ ಆದರೆ ಹಾಲು ಕಡಿಮೆ ಆಗುತ್ತೆ, ಹಾಲು ಕಡಿಮೆ ಆದರೆ ಡೈರಿ ಸಾಲಲ್ಲಿ ಹೆಸರು ಕೆಡುವುದು ಯಂತ್ರದ್ದು.

ಅದಕ್ಕೆ ಹೀಗೆ ಬರೆದೆವು. ಯಂತ್ರ ಕಂತಿನ ರೇಟಲ್ಲಿ 42,000. ನಗದಾದರೆ 40,000. ಎರಡೂ ರೇಟನ್ನು ಒಂದೇ ಚೀಟಿಯಲ್ಲಿ ಬರೆದು ಕೊಟ್ಟೆ, ಮುಚ್ಚುಮರೆ ಇಲ್ಲ. ರೇಷ್ಮೆ ಗೂಡಿನ ದುಡ್ಡು ಬಂದಾಗ 18,000 ಮುಂಗಡ. ಗೂಡಿನ ದುಡ್ಡು ಒಟ್ಟಿಗೆ ಬರುವುದರಿಂದ ಮುಂಗಡಕ್ಕೆ ಅದೇ ಸರಿ, ಕಂತಿಗೆ ಹಾಲಿನ ದುಡ್ಡೇ ಸರಿ. ಉಳಿದದ್ದು 24,000, ಅಂದರೆ 1,500ರ ಹದಿನಾರು ಕಂತು. ಮೊದಲ ತಿಂಗಳು ಎರಡು ಬಟವಾಡೆಗೆ ಎರಡು ಕಂತು. ಎರಡು, ಮೂರನೇ ತಿಂಗಳು ಕಂತಿಲ್ಲ, ಎರಡನೇ ಹಸು ಬತ್ತಿರುತ್ತೆ. ನಾಲ್ಕರಿಂದ ಒಂಬತ್ತನೇ ತಿಂಗಳವರೆಗೆ ಹನ್ನೆರಡು ಕಂತು. ಹತ್ತು, ಹನ್ನೊಂದನೇ ತಿಂಗಳು ಮತ್ತೆ ಕಂತಿಲ್ಲ, ಆಗ ಮೊದಲನೇ ಹಸು ಬತ್ತುತ್ತೆ. ಹನ್ನೆರಡನೇ ತಿಂಗಳು ಕೊನೆಯ ಎರಡು. ಇಪ್ಪತ್ತನಾಲ್ಕು ಬಟವಾಡೆ, ಹದಿನಾರು ಕಂತು, ಒಂದು ವರ್ಷಕ್ಕೆ ಸರಿಯಾಗಿ ಮುಗಿಯಿತು.

ಕಂತಿಲ್ಲದ ಎಂಟು ಬಟವಾಡೆಗಳನ್ನು ಕಂತಿನ ಕಾರ್ಡಿನಲ್ಲಿ ಮೊದಲೇ ಬರೆದಿಟ್ಟೆವು, ಅದೇ ಮುಖ್ಯ. ಆಮೇಲೆ ಕೇಳಿ ಪಡೆದ ವಿನಾಯಿತಿ ಅಲ್ಲ ಅದು. ಯಾರೂ ನನ್ನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ, ಫೋನು ಎತ್ತದೆ ತಪ್ಪಿಸಿಕೊಳ್ಳಬೇಕಾಗಿಲ್ಲ. ನಮ್ಮ ಹೆಣ್ಣುಮಕ್ಕಳು ಕಿರುಸಾಲದವರ ಕೈಯಲ್ಲಿ ಪಟ್ಟ ಪಾಡು ನಿಮಗೆ ಗೊತ್ತಿದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಂತು ಅನ್ನೋ ಪದ ಕೇಳಿದರೆ ಮನೆ ಮುಂದೆ ಬಂದು ಕೂರುವವರ ಮುಖ ನೆನಪಾಗುತ್ತೆ ಅಂತ ಒಬ್ಬ ಅಮ್ಮ ನನಗೆ ಹೇಳಿದ್ದಾರೆ. ಅಂಥವರಿಗೆ ನೀವು ಕಂತಿನಲ್ಲಿ ಮಾರಲು ಹೋಗುತ್ತಿದ್ದೀರಿ ಅನ್ನೋದು ತಲೆಯಲ್ಲಿರಲಿ.

ಈ ಲೆಕ್ಕ ತಪ್ಪುವುದೂ ಉಂಟು. ಹಸು ವರ್ಷಕ್ಕೊಂದು ಕರು ಹಾಕುತ್ತೆ ಅನ್ನೋದು ಕಾಗದದ ಮಾತು. ಬೆದೆ ತಪ್ಪುತ್ತೆ, ಎರಡು ಮೂರು ಸಲ ಇನ್ಸೆಮಿನೇಷನ್ ಮಾಡಿಸಿದರೂ ಗಬ್ಬ ಕಟ್ಟಲ್ಲ. ಆಗ ಬತ್ತುವ ತಿಂಗಳು ಮುಂದೆ ಹೋಗುತ್ತೆ, ಹಾಲೂ ದಿನದಿಂದ ದಿನಕ್ಕೆ ಇಳಿಯುತ್ತೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಕಾರ್ಡನ್ನು ಮತ್ತೆ ಬರೆಯುತ್ತೇವೆ. ಆ ಮನೆಯಲ್ಲೂ ಮೊದಲನೇ ಹಸು ಎರಡು ತಿಂಗಳು ತಡವಾಗಿ ಗಬ್ಬ ಕಟ್ಟಿತು, ಕಂತಿಲ್ಲದ ತಿಂಗಳುಗಳನ್ನು ಅಷ್ಟು ಮುಂದಕ್ಕೆ ಹಾಕಿಕೊಂಡೆವು. ಯಂತ್ರ ಕೊಳ್ಳಲು ಬಂದವರನ್ನು ನಾನು ಈಗ ಕೇಳುವ ಮೊದಲ ಪ್ರಶ್ನೆ ಎಷ್ಟು ಕಟ್ಟುತ್ತೀರಿ ಅನ್ನೋದಲ್ಲ, ಹಸು ಕರು ಹಾಕಿ ಎಷ್ಟು ತಿಂಗಳಾಯಿತು ಅನ್ನೋದು.

ಸಾಲ ಕೊಡುವವನ ಕಡೆಯ ಲೆಕ್ಕವನ್ನೂ ಹೇಳಬೇಕು. ಇಲ್ಲದಿದ್ದರೆ ಉತ್ಸಾಹದಲ್ಲಿ ಎಲ್ಲರಿಗೂ ಕೊಟ್ಟು ಆರು ತಿಂಗಳಿಗೆ ಅಂಗಡಿ ಮುಚ್ಚುತ್ತೀರಿ. ಆ ಯಂತ್ರ ನನಗೆ ಬಿದ್ದದ್ದು 34,000. 18,000 ಮುಂಗಡ ಬಂತು. ನನ್ನ 16,000 ಹೊರಗೆ ನಿಂತಿತು. ಕಂತಿಲ್ಲದ ತಿಂಗಳು ಸೇರಿಸಿ ಆ ದುಡ್ಡು ವಾಪಸ್ ಬರಲು ಎಂಟು ತಿಂಗಳು ಬೇಕು, ಲಾಭ ಅನ್ನೋದು ಆಮೇಲೆ. ತಿಂಗಳಿಗೆ ಎರಡು ಯಂತ್ರ ಹೀಗೆ ಕೊಡುತ್ತಾ ಹೋದರೆ ಯಾವಾಗಲೂ ಸುಮಾರು ಒಂದೂವರೆ ಲಕ್ಷ ರೂಪಾಯಿ ಊರುಗಳಲ್ಲಿ ಇರುತ್ತದೆ. ನನ್ನ ಕೈಯಲ್ಲಿ ಅಷ್ಟೇ ಆಗುವುದು. ಅದಕ್ಕೆ ತಿಂಗಳಿಗೆ ಎರಡೇ ಕಂತಿನ ಯಂತ್ರ, ಮೂರನೆಯವರಿಗೆ ಮುಂದಿನ ತಿಂಗಳು ಬನ್ನಿ ಅನ್ನುತ್ತೇನೆ. ಬೇಜಾರಾಗುತ್ತಾರೆ. ಆದರೆ ಕಾಯುತ್ತಾರೆ, ಯಾಕೆಂದರೆ ಯಾರ ಸರದಿ ಯಾವಾಗ ಅನ್ನೋದನ್ನು ಗೋಡೆ ಮೇಲಿನ ಬೋರ್ಡಿನಲ್ಲೇ ಬರೆದಿದ್ದೇನೆ.

ಒಬ್ಬರು ಕೇಳಿದರು, ಡೈರಿ ಸೆಕ್ರೆಟರಿಗೆ ಒಂದಿಷ್ಟು ಕಮಿಷನ್ ಕೊಟ್ಟರೆ ಅವರೇ ಮಾರಿಸಿ, ಅವರೇ ವಸೂಲಿ ಮಾಡಿಕೊಡುತ್ತಾರಲ್ಲ ಅಂತ. ನಾನೂ ಒಂದು ಊರಲ್ಲಿ ಅದನ್ನು ಮಾಡಿ ನೋಡಿದ್ದೇನೆ. ಮೊದಲ ತಿಂಗಳು ನಾಲ್ಕು ಯಂತ್ರ ಹೋಯಿತು. ಆಮೇಲೆ ನಿಂತಿತು. ಡೈರಿಗೆ ಎಲೆಕ್ಷನ್ ಇರುತ್ತೆ, ಊರಲ್ಲಿ ಎರಡು ಪಾರ್ಟಿ ಇರುತ್ತೆ. ಸೆಕ್ರೆಟರಿ ಒಂದು ಕಡೆಯವರು ಅಂತ ಆದರೆ ಇನ್ನೊಂದು ಕಡೆಯ ಅರ್ಧ ಊರು ನಿಮ್ಮ ಯಂತ್ರ ಮುಟ್ಟುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಕಮಿಷನ್ ಗುಟ್ಟಾಗಿ ಉಳಿಯುವುದಿಲ್ಲ. ಗೊತ್ತಾದ ದಿನ, ಸೆಕ್ರೆಟರಿ ಅದುವರೆಗೆ ಹೇಳಿದ ಒಳ್ಳೆ ಮಾತೆಲ್ಲ ಬಾಡಿಗೆ ಮಾತಾಗುತ್ತೆ. ಈಗ ಯಾರಿಗೂ ಮಾತಿಗೆ ದುಡ್ಡು ಕೊಡುವುದಿಲ್ಲ. ಕೊಂಡವರ ಮನೆಗೆ ಹೊಸಬರನ್ನು ಕರೆದುಕೊಂಡು ಹೋಗುತ್ತೇನೆ, ಅವರಿಬ್ಬರನ್ನು ಮಾತಾಡಲು ಬಿಟ್ಟು ನಾನು ಹೊರಗೆ ಬಂದು ನಿಲ್ಲುತ್ತೇನೆ. ಯಂತ್ರದ ದೂರುಗಳನ್ನೂ ಅವರು ಹೇಳಲಿ. ಕರೆಂಟು ಹೋದ ದಿನ ಕೈಯಲ್ಲೇ ಕರೆಯಬೇಕು, ತೊಳೆಯುವ ಕೆಲಸ ಬೇಜಾರು, ಇವೆಲ್ಲ ನಿಜ. ಇದನ್ನು ಮೊದಲೇ ಕೇಳಿ ಕೊಂಡವರು ಆಮೇಲೆ ಅದಕ್ಕಾಗಿ ಜಗಳಕ್ಕೆ ಬರುವುದಿಲ್ಲ.

ಕಂತು ತಪ್ಪುವ ಸೂಚನೆ ಹೇಗೆ ಸಿಗುತ್ತೆ ಅಂತ ಇನ್ನೊಬ್ಬರು ಕೇಳಿದರು. ಕಂತು ತಪ್ಪಿದ ಮೇಲೆ ಗೊತ್ತಾದರೆ ತಡವಾಯಿತು. ನಾನು ನೋಡುವುದು ಕಪ್ಪಿನೊಳಗಿನ ರಬ್ಬರನ್ನು. ಲೈನರ್ ಅಂತಾರೆ, ಹಸುವಿನ ತೊಟ್ಟಿಗೆ ತಾಕುವ ಭಾಗ. 2,500 ಸಲ ಕರೆದ ಮೇಲೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಆಗ ಬದಲಾಯಿಸಬೇಕು. ಎರಡು ಹಸು, ಎರಡು ಹೊತ್ತು ಅಂದರೆ ಆರು ತಿಂಗಳಿಗೆ 700ರ ಹತ್ತಿರ ಮಾತ್ರ ಆಗುತ್ತೆ, ಆದರೂ ಬದಲಾಯಿಸಬೇಕು, ರಬ್ಬರು ಹಾಲಿನ ಕೊಬ್ಬು ಕುಡಿದು ಮೆತ್ತಗಾಗುತ್ತೆ, ಒಳಗೆ ಸಣ್ಣ ಬಿರುಕು ಬೀಳುತ್ತೆ, ಆ ಬಿರುಕಲ್ಲಿ ಕೊಳೆ ಕೂತು ಮತ್ತೆ ಅದೇ ಕೆಚ್ಚಲು ಬಾವು. ಲೈನರ್ ನೋಡುವ ನೆಪದಲ್ಲಿ ಎರಡು ತಿಂಗಳಿಗೊಮ್ಮೆ ಎಲ್ಲ ಮನೆಗೂ ಹೋಗುತ್ತೇನೆ. ರಬ್ಬರು ಒದ್ದೆಯಾಗಿದ್ದರೆ ಬೆಳಿಗ್ಗೆ ಬಳಸಿದ್ದಾರೆ, ತೊಳೆದಿದ್ದಾರೆ. ಒಣಗಿ ಧೂಳು ಕೂತಿದ್ದರೆ ಯಂತ್ರ ನಿಂತು ದಿನಗಳಾಗಿವೆ. ಬಳಸದ ಯಂತ್ರಕ್ಕೆ ಯಾರೂ ಮನಸ್ಸಿಟ್ಟು ಕಂತು ಕಟ್ಟಲ್ಲ, ಇನ್ನೆರಡು ಬಟವಾಡೆಗೆ ಕಂತು ನಿಲ್ಲುತ್ತೆ. ಆಗ ದುಡ್ಡಿನ ಮಾತೇ ಎತ್ತಬಾರದು. ಯಾಕೆ ನಿಂತಿತು ಅಂತ ಕೇಳಬೇಕು. ಹೆಚ್ಚು ಸಲ ಕಾರಣ ಸಣ್ಣದಿರುತ್ತೆ. ಕಪ್ಪು ಜಾರಿ ಕೀಚ್ ಅಂತ ಸದ್ದಾಗಿ ಹಸು ಒದ್ದಿರುತ್ತೆ, ಅಕ್ಕ ಹೆದರಿ ಬಿಟ್ಟಿರುತ್ತಾರೆ. ಕಪ್ಪಿನ ರಬ್ಬರನ್ನು ಹಿಂಡಿ ಬಿಡಿಸುವ ಪಲ್ಸೇಟರ್ ನಿಮಿಷಕ್ಕೆ 60 ಸಲ ಟಕ್ ಟಕ್ ಅನ್ನಬೇಕಾದ್ದು ನಿಧಾನ ಆಗಿರುತ್ತೆ, ಬಿಚ್ಚಿ ತೊಳೆದರೆ ಸರಿಹೋಗುತ್ತೆ. ಗಡಿಯಾರ ಹಿಡಿದು ಎಣಿಸುವುದನ್ನು ಮನೆಯ ಮಕ್ಕಳಿಗೆ ಕಲಿಸಿಬಿಟ್ಟಿದ್ದೇನೆ, ಅವರು ಬಹಳ ಚೆನ್ನಾಗಿ ಮಾಡುತ್ತಾರೆ.

ಕೊನೆಗೆ ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ಹುಡುಗಿ ಕೇಳಿದ್ದು, ಹಸುವೇ ಸತ್ತರೆ ಅಂತ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಅದೂ ಆಯಿತು. ಆ ಮೂರು ತಿಂಗಳು ನಾನು ಯಾರ ಮನೆಗೂ ಕಂತಿಗೆ ಹೋಗಲಿಲ್ಲ, ಕಾರ್ಡಿನಲ್ಲಿ ಆ ತಿಂಗಳುಗಳನ್ನು ಹೊಡೆದು ಹಾಕಿ ಮುಂದೆ ಸೇರಿಸಿದೆ. ಶ್ರೀನಿವಾಸಪುರದ ಕಡೆಯ ಒಂದು ಮನೆಯಲ್ಲಿ ಎರಡರಲ್ಲಿ ಒಂದು ಹಸು ಹೋಯಿತು, ಇನ್ನೊಂದು ಬಡಕಲಾಗಿ ಹಾಲು ನಿಲ್ಲಿಸಿತು. ಯಂತ್ರ ಕೊಂಡು ಎಂಟು ತಿಂಗಳಾಗಿತ್ತು. ಮುಂಗಡ, ಕಂತು ಸೇರಿ 24,000 ಕಟ್ಟಿದ್ದರು, ಇನ್ನೂ 18,000 ಬಾಕಿ. ಯಂತ್ರ ತಗೊಂಡು ಹೋಗಿ, ಬಾಕಿ ಬಿಟ್ಟುಬಿಡಿ ಅಂತ ಆ ಮನೆಯ ಅಜ್ಜ ಕೈ ಮುಗಿದರು. ತರಲು ಸುಲಭ ಇತ್ತು. ತಂದಿದ್ದರೆ ಅವರು ಕಟ್ಟಿದ 24,000 ಸುಮ್ನೆ ಹೋದ ಹಾಗೆ. ನಾಲ್ಕು ದಿನ ಟೈಮ್ ಕೊಡಿ ಅಂದೆ. ಯಂತ್ರ ಬಿಚ್ಚಿ ತೊಳೆದು, ಹೊಸ ಲೈನರ್ ಹಾಕಿ, ಪಕ್ಕದ ಊರಲ್ಲಿ ಸರದಿಗೆ ಕಾಯುತ್ತಿದ್ದ ಒಬ್ಬರಿಗೆ ಇದು ಎಂಟು ತಿಂಗಳು ಓಡಿದ ಯಂತ್ರ ಅಂತ ಹೇಳಿಯೇ ತೋರಿಸಿದೆ. 30,000ಕ್ಕೆ ನಗದಾಗಿ ತಗೊಂಡರು. ಅದರಲ್ಲಿ ನನ್ನ ಬಾಕಿ 18,000 ಇಟ್ಟುಕೊಂಡು, ಉಳಿದ 12,000 ರೂಪಾಯಿಯನ್ನು ಅಜ್ಜನ ಕೈಗೆ ಕೊಟ್ಟು, ಕಾರ್ಡಿನ ಮೇಲೆ ಲೆಕ್ಕ ಮುಗಿಯಿತು ಅಂತ ಬರೆದು ಇಬ್ಬರೂ ಸಹಿ ಹಾಕಿದೆವು. ಅಜ್ಜ ಆ ದುಡ್ಡನ್ನು ಎರಡು ಸಲ ಎಣಿಸಿದರು. ಆಮೇಲೆ ಸಂಜೆ ಡೈರಿ ಹೊತ್ತಾಯಿತು ಅಂತ ಎದ್ದರು. ಹಾಕಲು ಅವತ್ತು ಹಾಲು ಇರಲಿಲ್ಲ, ಆದರೂ ಹೋದರು.